ಹಪ್ಪಳ ತೋರುವ ಬಿಸಿ ತಾಣಗಳು

ಮೈಕ್ರೋವೇವ್ ಒಲೆಯಲ್ಲಿ ಆಹಾರವನ್ನು ಕಾಯಿಸುವುದು ಬೆಂಕಿಯಲ್ಲ, ಅಲೆ. ಒಳಗಿನ ಮ್ಯಾಗ್ನೆಟ್ರಾನ್ ಎಂಬ ಸಾಧನ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುವ ಅಲೆಗಳನ್ನು ಹೊಮ್ಮಿಸುತ್ತದೆ. ಆಹಾರದಲ್ಲಿರುವ ನೀರಿನ ಅಣುಗಳು ಆ ಕಂಪನಕ್ಕೆ ತಕ್ಕಂತೆ ದಿಕ್ಕು ಬದಲಿಸಲು ಹೆಣಗುತ್ತ ಅಕ್ಕಪಕ್ಕದ ಅಣುಗಳನ್ನು ತಾಕುತ್ತವೆ. ಆ ತಾಕಲಾಟದಿಂದಲೇ ಶಾಖ ಹುಟ್ಟುತ್ತದೆ.

ಈ ಶಾಖ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಲೋಹದ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಎದುರಿನಿಂದ ಬರುವ ಅಲೆಗಳೊಡನೆ ಸೇರಿ ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ತಿರುಗದ ತಟ್ಟೆಯ ಮೇಲೆ ದೊಡ್ಡ ಉದ್ದಿನ ಹಪ್ಪಳವಿಟ್ಟು ಕೆಲವು ಸೆಕೆಂಡು ಕಾಯಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಅಲ್ಲಲ್ಲಿ ಗುಳ್ಳೆಯೆದ್ದು ಬೆಳ್ಳಗಾದ ಮಚ್ಚೆಗಳು, ಅವುಗಳ ನಡುವೆ ಹಸಿಯಾಗಿಯೇ ಉಳಿದ ಭಾಗ. ಅಲೆಯ ಉದ್ದ ಸುಮಾರು 12 ಸೆಂ.ಮೀ. ಬಿಸಿ ತಾಣಗಳ ನಡುವಿನ ಅಂತರ ಹೆಚ್ಚುಕಡಿಮೆ ಅದರ ಅರ್ಧ.

ತಟ್ಟೆ ತಿರುಗುವುದು ಈ ಏರುಪೇರನ್ನು ತಗ್ಗಿಸಲೆಂದೇ.

ಆದರೂ ಅಲೆಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕ್ಷೀಣಿಸುತ್ತವೆ. ಮಂಜುಗಡ್ಡೆಯಂತೂ ಅವನ್ನು ಹೀರುವುದು ತೀರ ಕಡಿಮೆ. ಹಾಗಾಗಿಯೇ ಫ್ರೀಜರಿನಿಂದ ತೆಗೆದ ಸಾಂಬಾರು ಅಂಚಿನಲ್ಲಿ ಕುದಿಯುವಾಗಲೂ ನಡುವೆ ಗಡ್ಡೆಯಾಗಿ ಉಳಿದಿರುತ್ತದೆ. ಅರ್ಧದಲ್ಲಿ ಒಮ್ಮೆ ಕಲಕಿ, ಬಿಸಿಯಾದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ.