ಹೋಟೆಲ್ ಆಹ್ವಾನಪತ್ರ (ರಷ್ಯಾ)

ರಷ್ಯಾಕ್ಕೆ ಬರುವ ವಿದೇಶಿ ಅತಿಥಿಯ ವೀಸಾ ಅರ್ಜಿಗೆ ಆಧಾರವಾಗಿ ಹೋಟೆಲು ಒದಗಿಸುವ ಪತ್ರ. ಇದರ ಬೇರು ಸೋವಿಯತ್ ಕಾಲದಲ್ಲಿದೆ. 1929ರಲ್ಲಿ ಹುಟ್ಟಿದ ‘ಇಂಟೂರಿಸ್ಟ್’ ಎಂಬ ಸರ್ಕಾರಿ ಸಂಸ್ಥೆ ವಿದೇಶಿಯರಿಗೆ ಕೋಣೆ, ಊಟ, ಓಡಾಟಗಳನ್ನು ಮುಂಗಡ ಹಣಕ್ಕೆ ಮಾರುತ್ತಿತ್ತು. ಹಣ ಕಟ್ಟಿದವರಿಗೆ ಸಿಗುತ್ತಿದ್ದ ವೋಚರೇ ವೀಸಾಕ್ಕೂ ದಾರಿಯಾಗುತ್ತಿತ್ತು. ರಾತ್ರಿ ಎಲ್ಲಿ ತಂಗುತ್ತಾನೆಂದು ಗೊತ್ತಿಲ್ಲದವನನ್ನು ಒಳಗೆ ಬಿಡಲು ಆ ವ್ಯವಸ್ಥೆಗೆ ಮನಸ್ಸಿರಲಿಲ್ಲ.

ಸೋವಿಯತ್ ಒಕ್ಕೂಟ ಅಳಿದರೂ ಈ ಪದ್ಧತಿ ಉಳಿಯಿತು. ವೀಸಾ ನೀಡಿಕೆಯ ಬಗ್ಗೆ 2003ರಲ್ಲಿ ಹೊರಬಿದ್ದ ಸರ್ಕಾರಿ ಆದೇಶ ಪ್ರವಾಸಿ ವೀಸಾಕ್ಕೆ ಎರಡು ಕಾಗದ ಕೇಳಿತು: ಪ್ರವಾಸ ಸೇವೆಯ ಒಪ್ಪಂದ ಅಥವಾ ವೋಚರ್, ಮತ್ತು ಅತಿಥಿಯನ್ನು ಬರಮಾಡಿಕೊಳ್ಳುವುದಾಗಿ ಟೂರ್ ಆಪರೇಟರ್ ಕೊಡುವ ದೃಢೀಕರಣ. ಹೀಗಾಗಿ ಹೋಟೆಲಿನ ಹೆಸರಿನಲ್ಲಿ ಬರುತ್ತಿದ್ದ ಪತ್ರದ ಹಿಂದೆ ಬಹುಮಟ್ಟಿಗೆ ನೋಂದಾಯಿತ ಆಪರೇಟರೊಬ್ಬರ ಸಂಖ್ಯೆ ಇರುತ್ತಿತ್ತು. ಅತಿಥಿಯ ಪೂರ್ಣ ಹೆಸರು, ಲಿಂಗ, ಹುಟ್ಟಿದ ದಿನ, ಪೌರತ್ವ, ಪಾಸ್‌ಪೋರ್ಟ್ ಸಂಖ್ಯೆ, ಒಳಬರುವ ಮತ್ತು ಹೊರಹೋಗುವ ದಿನಾಂಕ, ತಂಗುವ ಊರು ಮತ್ತು ಹೋಟೆಲು, ಕರೆಸಿಕೊಳ್ಳುವ ಸಂಸ್ಥೆಯ ವಿವರ, ಸಹಿ, ಮೊಹರು ಇವೆಲ್ಲ ಅದರಲ್ಲಿರಬೇಕು.

ಪತ್ರ ಸೋಲುತ್ತಿದ್ದುದು ಸಣ್ಣ ವಿಷಯಗಳಲ್ಲಿ. ಬೆಂಗಳೂರಿನ ಯಂತ್ರ ವ್ಯಾಪಾರಿಯೊಬ್ಬರು ಮಾಸ್ಕೋದಲ್ಲಿ ಮಾರ್ಚ್ 10ರಿಂದ ನಾಲ್ಕು ರಾತ್ರಿ ಕೋಣೆ ಹಿಡಿದರು ಎನ್ನೋಣ. ಹೋಟೆಲು ‘14ರವರೆಗೆ’ ಎಂದು ಬರೆಯುತ್ತದೆ, ವೀಸಾವೂ ಅಲ್ಲಿಗೇ ಮುಗಿಯುತ್ತದೆ. ಆದರೆ ಅವರ ವಿಮಾನ 15ರ ನಸುಕಿನ ಮೂರು ಗಂಟೆಗೆ. ಕೋಣೆಯ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಆದರೆ ಗಡಿಯ ಲೆಕ್ಕದಲ್ಲಿ ಅವರು ಅವಧಿ ಮೀರಿದವರು. ಪತ್ರ ಬರೆಸುವಾಗ ಟಿಕೆಟ್ ಮುಂದಿಟ್ಟುಕೊಳ್ಳಬೇಕಿತ್ತು. ಹೆಸರಿನದು ನಮ್ಮವರಿಗೆ ಇನ್ನೊಂದು ತೊಡಕು. ಊರಿನ, ತಂದೆಯ ಇನಿಷಿಯಲ್ ಹಿಡಿದು ಹೋಟೆಲ್ ಕಾಯ್ದಿರಿಸಿದವರ ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಬಿಡಿಸಿ ಬರೆದಿರಬಹುದು. ಪತ್ರಕ್ಕೆ ಹೋಗಬೇಕಾದದ್ದು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರುವ ಹೆಸರು.

ಇದಕ್ಕಿಂತ ದೊಡ್ಡ ಮಿತಿ ಪ್ರಯಾಣದ ಉದ್ದೇಶದ್ದು. ಹೋಟೆಲಿನ ವೋಚರು ಪ್ರವಾಸಕ್ಕೆ ಮಾತ್ರ ಆಧಾರ. ಸಾಮಾನ್ಯ ವ್ಯಾಪಾರ ವೀಸಾಕ್ಕೆ ಕರೆಸಿಕೊಳ್ಳುವ ಕಂಪನಿ ಸರ್ಕಾರದ ಮೂಲಕ ಬೇರೆಯೇ ಆಹ್ವಾನ ಪಡೆಯಬೇಕು. ಅದರ ಜೊತೆಗೆ ಹೋಟೆಲಿನ ಕಾಗದ ತಂಗುವ ಜಾಗವನ್ನಷ್ಟೇ ಹೇಳುತ್ತದೆ. ಬೇಗ ಸಿಗುತ್ತದೆಂದು ಪ್ರವಾಸಿ ವೀಸಾದಲ್ಲೇ ಹೋಗಿ ವ್ಯವಹಾರ ಮಾತಾಡಿದವರು ಕಡಿಮೆಯೇನಲ್ಲ. ಉದ್ದೇಶ ಹೊಂದದಿದ್ದರೆ ಅದೂ ವೀಸಾ ನಿಯಮದ ಉಲ್ಲಂಘನೆಯೇ. ಬಂದಿಳಿದ ಮೇಲಿನ ನೋಂದಣಿ ಮಾತ್ರ ಹೋಟೆಲಿನದೇ ಹೊಣೆ. 2006ರ ವಲಸೆ ನೋಂದಣಿ ಕಾನೂನು ಅದಕ್ಕೆ ಕೊಟ್ಟ ಗಡುವು ಒಂದೇ ಕೆಲಸದ ದಿನ.

ವೀಸಾ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿ ಹೋಟೆಲ್ ಕಾಯ್ದಿರಿಸಿದ ದಾಖಲೆಯ ಮೇಲೆಯೇ ಪ್ರವಾಸಿ ವೀಸಾ ಕೊಡಲು ಅವಕಾಶ ಮಾಡಿತು. 2023ರ ಆಗಸ್ಟ್ 1ರಂದು ಭಾರತವೂ ಸೇರಿ 55 ದೇಶಗಳವರಿಗೆ ಇ-ವೀಸಾ ಬಂತು. ಅದು ವ್ಯಾಪಾರ ಪ್ರಯಾಣಕ್ಕೂ ಸಲ್ಲುತ್ತದೆ, ಅದಕ್ಕೆ ಆಹ್ವಾನಪತ್ರವೂ ಬೇಡ, ಹೋಟೆಲ್ ಕಾಯ್ದಿರಿಸಿದ ದಾಖಲೆಯೂ ಬೇಡ.