ಸಂಪ್ಲವವೆಂಬ ದೋಷ

ಕೌಟಿಲ್ಯನ ಅರ್ಥಶಾಸ್ತ್ರವೆಂದರೆ ರಾಜರು, ಗೂಢಚಾರರು, ಕೋಟೆ ಕೊತ್ತಲಗಳು ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುವುದು. ಅದರ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯ ಇದಾವುದಕ್ಕೂ ಸೇರಿದ್ದಲ್ಲ. ಅದು ಅರಸನ ಓಲೆಗಳನ್ನು ಬರೆಯುವ ಲೇಖಕನಿಗೆ ಹೇಳಿದ ಪಾಠ. ಬರವಣಿಗೆಗೆ ಯಾವ ಗುಣಗಳಿರಬೇಕು, ಯಾವ ದೋಷಗಳಿರಬಾರದು ಎಂದು ಅಲ್ಲಿ ಪಟ್ಟಿ ಮಾಡಿದೆ. ಕನ್ನಡ ಮತ್ತು ಸಮಾಜ ಪಾಠಗಳನ್ನು ಹೇಳಿಕೊಂಡೇ ತಲೆ ನರೆತ ನನ್ನಂಥವಳಿಗೆ ಆ ಅಧ್ಯಾಯ ಓದಿದಾಗ ನಮ್ಮ ಹಳೆಯ ಮುಖ್ಯೋಪಾಧ್ಯಾಯರೊಬ್ಬರು ಎದುರಿಗೆ ಕೂತು ಮಾತನಾಡಿದಂತಾಯಿತು.

ದೋಷಗಳು ಐದು. ಮಸುಕಾದ, ಅಂಕುಡೊಂಕಾದ ಅಕ್ಷರ ಒಂದು. ಹಿಂದೆ ಹೇಳಿದ್ದಕ್ಕೆ ವಿರುದ್ಧವಾಗಿ ಮುಂದೆ ಹೇಳುವುದು ಇನ್ನೊಂದು. ಹೇಳಿದ್ದನ್ನೇ ಹೇಳುವುದು, ವ್ಯಾಕರಣ ತಪ್ಪುವುದು ಮತ್ತೆರಡು. ಐದನೆಯದರ ಹೆಸರು ಸಂಪ್ಲವ. ಈ ಮಾತಿಗೆ ನೆರೆ ಬಂದು ಎಲ್ಲವೂ ಕಲೆತುಹೋಗುವುದು ಎಂಬ ಅರ್ಥವಿದೆ. ವರ್ಗ ಮಾಡಬಾರದ ಕಡೆ ವರ್ಗ ಮಾಡುವುದು, ಮಾಡಬೇಕಾದ ಕಡೆ ಮಾಡದೆ ಬಿಡುವುದು, ಹೀಗೆ ಬರವಣಿಗೆಯ ಗುಣವನ್ನು ತಿರುವುಮುರುವು ಮಾಡುವುದೇ ಸಂಪ್ಲವ. ವರ್ಗವೆಂದು ಕೌಟಿಲ್ಯ ಹೇಳುವುದು ಒಂದರಿಂದ ಮೂರು ಪದಗಳ ಸಣ್ಣ ಗುಂಪನ್ನು, ನಾವು ಇಂದು ಪ್ಯಾರಾ ಎನ್ನುವುದನ್ನಲ್ಲ. ಆದರೆ ಪದಗಳ ಗುಂಪಿಗೆ ಯಾವುದು ದೋಷವೋ ವಾಕ್ಯಗಳ ಗುಂಪಿಗೂ ಅದೇ ದೋಷ. ಬೇರೆ ಬೇರೆ ವಿಚಾರಗಳನ್ನು ಒಂದೇ ಪ್ಯಾರಾದಲ್ಲಿ ತುರುಕುವುದು, ಒಂದೇ ವಿಚಾರವನ್ನು ಮೂರು ನಾಲ್ಕು ಚೂರು ಮಾಡಿ ಹರಡುವುದು, ಎರಡೂ ಸಂಪ್ಲವವೇ.

ಹಿಂದಿನವರಿಗೆ ಪ್ಯಾರಾ ಬಿಡುವ ಅನುಕೂಲವೇ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ತಾಳೆಗರಿ ಉದ್ದವಾದದ್ದು, ಅಗಲ ಕಡಿಮೆ. ಒಂದು ಗರಿಯಲ್ಲಿ ಹಿಡಿಸುವುದೇ ಕೆಲವು ಸಾಲು. ಆದ್ದರಿಂದ ಬರೆಯುವವರು ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಕೊರೆಯುತ್ತಿದ್ದರು. ವಿಷಯ ಮುಗಿಯಿತೆಂಬುದನ್ನು ಕಣ್ಣಿಗೆ ತೋರಿಸಲಾಗದಿದ್ದುದರಿಂದ ಮಾತಿನಲ್ಲೇ ತೋರಿಸಬೇಕಿತ್ತು. ಸಂಸ್ಕೃತದ 'ಇತಿ', ನಮ್ಮ ಹಳಗನ್ನಡ ಗದ್ಯದ 'ಇಂತು', 'ಮತ್ತಂ', 'ಅನ್ನೆಗಂ' ಮುಂತಾದ ಮಾತುಗಳು ಆ ಕೆಲಸ ಮಾಡುತ್ತಿದ್ದವು. ಅರ್ಥಶಾಸ್ತ್ರದಲ್ಲಿ ಅಧ್ಯಾಯದ ಕೊನೆಗೆ ಬರುವ ಶ್ಲೋಕವೂ ಹಾಗೆಯೇ: ಗದ್ಯ ನಿಂತು ಪದ್ಯ ಬಂದಿತೆಂದರೆ ಒಂದು ಘಟ್ಟ ಮುಗಿಯಿತೆಂದು ಅರ್ಥ.

ಈ ಗ್ರಂಥ ತನ್ನನ್ನು ತಾನು ಹೇಗೆ ಪಾಲು ಮಾಡಿಕೊಂಡಿದೆ ಎಂಬುದು ಇನ್ನೂ ಸ್ವಾರಸ್ಯ. ಮೊದಲ ಅಧ್ಯಾಯದಲ್ಲಿಯೇ ಲೆಕ್ಕ ಕೊಟ್ಟಿದೆ: ಅಧಿಕರಣ 15, ಅಧ್ಯಾಯ 150, ಪ್ರಕರಣ 180. ಪ್ರಕರಣವೆಂದರೆ ಒಂದು ವಿಷಯ. ಒಂದು ಅಧ್ಯಾಯಕ್ಕೆ ಒಂದೇ ವಿಷಯವಾಗಿದ್ದರೆ ಎರಡರ ಲೆಕ್ಕವೂ ಸಮನಾಗಬೇಕಿತ್ತು. ಆಗಿಲ್ಲ. ಕೆಲವು ಕಡೆ ಒಂದು ದೊಡ್ಡ ವಿಷಯ ಹಲವು ಅಧ್ಯಾಯಗಳಾಗಿ ಒಡೆದಿದೆ. ಕೆಲವು ಕಡೆ ಹಲವು ಸಣ್ಣ ವಿಷಯಗಳು ಒಂದೇ ಅಧ್ಯಾಯದಲ್ಲಿ ಕೂಡಿವೆ. ಪ್ರಕರಣಗಳ ವಿಭಾಗವೇ ಮೂಲದ್ದು, ಅಧ್ಯಾಯಗಳನ್ನು ಆಮೇಲೆ ಯಾರೋ ಮಾಡಿದರು ಎಂದು 2013ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದ ಪ್ಯಾಟ್ರಿಕ್ ಆಲಿವೆಲ್ ಅವರ ಅಭಿಪ್ರಾಯ. ಯಾರು ಮಾಡಿದ್ದರೂ, ಒಡೆದ ಮತ್ತು ಕೂಡಿಸಿದ ರೀತಿಯನ್ನು ನೋಡಿ ನಾವು ಕಲಿಯಬಹುದು.

ಒಡೆದದ್ದಕ್ಕೆ ಉದಾಹರಣೆ ವಿದ್ಯೆಗಳ ಪ್ರಕರಣ. ಆನ್ವೀಕ್ಷಿಕಿ, ತ್ರಯೀ, ವಾರ್ತಾ, ದಂಡನೀತಿ ಎಂದು ವಿದ್ಯೆಗಳು ನಾಲ್ಕು. ಆದರೆ ಅಧ್ಯಾಯಗಳು ಮೂರೇ. ತರ್ಕಕ್ಕೆ ಒಂದು, ವೇದಗಳಿಗೆ ಒಂದು, ಉಳಿದೆರಡಕ್ಕೂ ಸೇರಿ ಒಂದು. ಬೇಸಾಯ, ದನಕರು, ವ್ಯಾಪಾರ ಇವು ವಾರ್ತೆ. ಇವುಗಳಿಂದ ಬೊಕ್ಕಸ ಮತ್ತು ಸೈನ್ಯ ಬೆಳೆಯುತ್ತವೆ, ಅವುಗಳಿಂದ ಅರಸ ಎಲ್ಲರನ್ನೂ ಹತೋಟಿಯಲ್ಲಿಡುತ್ತಾನೆ. ಇನ್ನು ದಂಡನೀತಿ ಇಲ್ಲದೆ ಮಿಕ್ಕ ವಿದ್ಯೆಗಳು ಉಳಿಯವು. ವಾರ್ತೆಯ ಮಾತು ತಾನಾಗಿಯೇ ದಂಡದ ಮಾತಿಗೆ ಬಂದು ಸೇರುತ್ತದೆ. ಅಲ್ಲಿ ಗೆರೆ ಎಳೆದಿದ್ದರೆ ಕಾರಣ ಒಂದು ಕಡೆ, ಫಲ ಒಂದು ಕಡೆ ಆಗುತ್ತಿತ್ತು.

ಕೂಡಿಸಿದ್ದಕ್ಕೆ ಉದಾಹರಣೆ ಏಳನೆಯ ಅಧಿಕರಣದ ನಾಲ್ಕನೆಯ ಅಧ್ಯಾಯ. ಜಗಳ ಸಾರಿ ಸುಮ್ಮನಿರುವುದು, ಸಂಧಿ ಮಾಡಿಕೊಂಡು ಸುಮ್ಮನಿರುವುದು, ಜಗಳ ಸಾರಿ ದಂಡೆತ್ತಿ ಹೋಗುವುದು, ಸಂಧಿ ಮಾಡಿಕೊಂಡು ಹೋಗುವುದು, ಇತರರೊಡನೆ ಕೂಡಿ ಹೋಗುವುದು, ಹೀಗೆ ಐದು ಪ್ರಕರಣಗಳು ಅಲ್ಲಿ ಒಂದಾಗಿವೆ. ಐದನ್ನೂ ಬೇರೆ ಬೇರೆ ಇಟ್ಟಿದ್ದರೆ ಒಂದೊಂದೂ ಬಡಕಲಾಗುತ್ತಿತ್ತು. ಯಾವಾಗ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬ ಒಂದೇ ಪ್ರಶ್ನೆಗೆ ಈ ಐದೂ ಉತ್ತರಗಳಾದ್ದರಿಂದ, ಒಟ್ಟಿಗೆ ಓದಿದರೇ ಹೋಲಿಸಿ ನೋಡಲು ಸಾಧ್ಯ. ಉದ್ದ ಗಿಡ್ಡಗಳನ್ನು ಅಳೆದು ಮಾಡಿದ ಕೆಲಸವಲ್ಲ ಇದು. ಪ್ರಶ್ನೆ ಒಂದೇ ಇದ್ದರೆ ಕೂಡಿಸಬೇಕು, ಪ್ರಶ್ನೆ ಬದಲಾದರೆ ಒಡೆಯಬೇಕು.

ಇದನ್ನು ನಾವು ಬರೆಯುವ ಬರಹಕ್ಕೆ ಹಚ್ಚಿ ನೋಡೋಣ. ನಮ್ಮ ಬಡಾವಣೆಯ ಮಹಿಳಾ ಸಮಾಜದ ಸ್ಮರಣ ಸಂಚಿಕೆಗೆ ಗೆಳತಿಯೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಬಗ್ಗೆ ಲೇಖನ ಬರೆದುಕೊಟ್ಟಿದ್ದರು. ವಿಷಯವೆಲ್ಲ ಸರಿಯಾಗಿತ್ತು. ಆದರೆ ಮೊದಲ ಪ್ಯಾರಾ ಒಂದು ಪುಟದುದ್ದ. 1891ರಲ್ಲಿ ಲೈಬ್ರರಿ ಆರಂಭವಾದದ್ದು, ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ನೆನಪಿಗೆ ಎದ್ದ ಅದರ ಕಟ್ಟಡ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಪುಸ್ತಕ ತಂದು ಕೊಟ್ಟದ್ದು, ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಅರ್ಥಶಾಸ್ತ್ರವೆಂದು ಕಂಡುಕೊಂಡು 1905ರಲ್ಲಿ ಲೋಕಕ್ಕೆ ತಿಳಿಸಿದ್ದು, 1909ರಲ್ಲಿ ಅಚ್ಚು ಮಾಡಿಸಿದ್ದು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ತಂದದ್ದು, ಎಲ್ಲವೂ ಅದರೊಳಗೆ. ಅದರ ಕೆಳಗೆ ಒಂದೊಂದೇ ವಾಕ್ಯದ ಮೂರು ಪ್ಯಾರಾಗಳು: ಪುಸ್ತಕ ತಾಳೆಗರಿಯದು, ಅದರ ಲಿಪಿ ಗ್ರಂಥಲಿಪಿ, ಜೊತೆಗೆ ಭಟ್ಟಸ್ವಾಮಿ ಎಂಬುವರ ವ್ಯಾಖ್ಯಾನದ ಒಂದಿಷ್ಟು ಭಾಗವೂ ಇತ್ತು.

ಓದಿ ನೋಡಿದ ಇನ್ನೊಬ್ಬರು, "ಅಂದರೆ ಈ ಪುಸ್ತಕ ಸಿಕ್ಕಿದ್ದು 1909ರಲ್ಲೇನ್ರೀ?" ಎಂದು ಕೇಳಿದರು. ಮೂರು ಇಸವಿಗಳು ಒಂದೇ ಉಸಿರಿನಲ್ಲಿ ಬಂದಾಗ ಕಂಡುಕೊಂಡದ್ದು, ಅಚ್ಚಾದದ್ದು ಓದುವವರ ತಲೆಯಲ್ಲಿ ಒಂದಾಗಿಬಿಡುತ್ತವೆ. ಅದಕ್ಕಿಂತ ಬೇಸರದ ಸಂಗತಿ ಎಂದರೆ ಆ ಪಂಡಿತರು ಯಾರ ಕಣ್ಣಿಗೂ ಬೀಳಲಿಲ್ಲ. ಕಟ್ಟಡಕ್ಕೂ ಇಸವಿಗಳಿಗೂ ನಡುವೆ ಅವರ ವಾಕ್ಯ ಮುಳುಗಿಹೋಗಿತ್ತು. ಸಂಪ್ಲವವೆಂದರೆ ಇದೇ.

ನಾವಿಬ್ಬರೂ ಕೂತು ಮಾಡಿದ ಕೆಲಸ ಇಷ್ಟು. ಪ್ರತಿ ವಾಕ್ಯದ ಪಕ್ಕದ ಅಂಚಿನಲ್ಲಿ, ಅದು ಯಾವ ಪ್ರಶ್ನೆಗೆ ಉತ್ತರ ಎಂದು ಪೆನ್ಸಿಲಿನಲ್ಲಿ ಬರೆದೆವು. ಪ್ಯಾರಾಗ್ರಾಫ್ ಎಂಬ ಮಾತು ಹುಟ್ಟಿದ್ದೂ ಹೀಗೆಯೇ. ಪ್ರಾಚೀನ ಗ್ರೀಕರು ವಿಷಯ ಬದಲಾಗುವ ಕಡೆ ಅಂಚಿಗೆ ಒಂದು ಸಣ್ಣ ಗೆರೆ ಹಾಕುತ್ತಿದ್ದರು, ಪಕ್ಕದಲ್ಲಿ ಬರೆದದ್ದು ಎಂದು ಅದರ ಅರ್ಥ. ನಮ್ಮ ಅಂಚಿನಲ್ಲಿ ಮೂರೇ ಪ್ರಶ್ನೆಗಳು ಬಂದವು. ಲೈಬ್ರರಿ ಹೇಗೆ ಬಂತು? ಪುಸ್ತಕ ಎಂಥದು, ಎಲ್ಲಿಂದ ಬಂತು? ಅದು ಲೋಕಕ್ಕೆ ಹೇಗೆ ತಿಳಿಯಿತು?

ಪುಟದುದ್ದದ ಪ್ಯಾರಾವನ್ನು ಈ ಮೂರು ಪ್ರಶ್ನೆಗಳಿಗೆ ಸರಿಯಾಗಿ ಮೂರು ಮಾಡಿದೆವು. ಕೆಳಗಿನ ಮೂರು ಒಂಟಿ ವಾಕ್ಯಗಳನ್ನು ಮೇಲಕ್ಕೆ ತಂದು ಪಂಡಿತರ ವಾಕ್ಯದ ಜೊತೆ ಕೂಡಿಸಿದೆವು, ಅವೆಲ್ಲವೂ ಎರಡನೆಯ ಪ್ರಶ್ನೆಗೇ ಸೇರಿದ್ದು. ಆಗ ಆ ಪ್ಯಾರಾ ಹೀಗಾಯಿತು:

"ಪುಸ್ತಕ ಲೈಬ್ರರಿಗೆ ಬಂದದ್ದು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರ ಕೈಯಿಂದ. ಅದು ತಾಳೆಗರಿಯ ಮೇಲೆ ಗ್ರಂಥಲಿಪಿಯಲ್ಲಿ ಬರೆದದ್ದಾಗಿತ್ತು. ಮೂಲದ ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದಿಷ್ಟು ಭಾಗವನ್ನೂ ಅವರು ತಂದುಕೊಟ್ಟಿದ್ದರು."

ಒಂದು ಹೊಸ ಸಂಗತಿಯನ್ನೂ ಸೇರಿಸಲಿಲ್ಲ. ಆದರೂ ಪಂಡಿತರು ಈಗ ಎದ್ದು ಕಾಣುತ್ತಾರೆ. ಮುಂದಿನ ಪ್ಯಾರಾದಲ್ಲಿ 1905, 1909, 1915 ಎಂಬ ಮೂರು ಇಸವಿಗಳು ಮೆಟ್ಟಿಲುಗಳ ಹಾಗೆ ಕೂತುಕೊಂಡವು.

ಹೀಗೆ ಕತ್ತರಿಸಿ ಹೊಲಿಯುವಾಗ ಹೊಲಿಗೆ ಬಿಡುವ ಜಾಗಗಳು ಎರಡು. ಒಡೆದ ಮೇಲೆ ಹೊಸ ಪ್ಯಾರಾದ ಮೊದಲಲ್ಲಿ 'ಅವರು', 'ಅದು', 'ಆದ್ದರಿಂದ' ಎಂಬ ಮಾತು ಉಳಿದಿರುತ್ತದೆ. ಯಾರು, ಯಾವುದು ಎಂಬುದು ಹಿಂದಿನ ಪ್ಯಾರಾದಲ್ಲೇ ಉಳಿದುಹೋಗಿರುತ್ತದೆ. ನಮ್ಮ ಲೇಖನದಲ್ಲೂ ಮೂರನೆಯ ಪ್ಯಾರಾ 'ಅವರು ಅದನ್ನು ಓದಿ' ಎಂದು ಶುರುವಾಗಿ, ಪಂಡಿತರೇ ಓದಿದಂತಾಗಿತ್ತು. ಅಲ್ಲಿ ಶಾಮಾಶಾಸ್ತ್ರಿಗಳ ಹೆಸರನ್ನೇ ಹಾಕಿದೆವು. ಕೂಡಿಸಿದಾಗ ಇದಕ್ಕೆ ತಿರುಗಾಮುರುಗ: ಪ್ರತಿ ಒಂಟಿ ವಾಕ್ಯವೂ 'ಈ ಪುಸ್ತಕವು' ಎಂದೇ ಶುರುವಾಗಿರುವುದರಿಂದ ಅದೇ ಮಾತು ಮೂರು ಸಲ ಬರುತ್ತದೆ. ಒಂದನ್ನು ಇಟ್ಟುಕೊಂಡು ಉಳಿದವನ್ನು ತೆಗೆಯಬೇಕು. ಎಲ್ಲ ಮುಗಿದ ಮೇಲೆ ಪ್ಯಾರಾಗಳ ಮೊದಲ ವಾಕ್ಯಗಳನ್ನು ಮಾತ್ರ ಸಾಲಾಗಿ ಓದಿ ನೋಡಿ. ಕಥೆಯ ಎಳೆ ಸಿಕ್ಕಿದರೆ ಸರಿ. ಎಲ್ಲಿ ಎಳೆ ತುಂಡಾಯಿತೋ ಅಲ್ಲಿ ಇನ್ನೂ ಕೆಲಸವಿದೆ.

ಎಲ್ಲ ಕಡೆಗೂ ಈ ಅಳತೆ ಹೊಂದುವುದಿಲ್ಲ. ಕಥೆಯಲ್ಲಿ ಇಬ್ಬರು ಮಾತನಾಡುವಾಗ ಒಬ್ಬೊಬ್ಬರ ಮಾತಿಗೆ ಒಂದೊಂದು ಸಾಲು ಬಿಡುವುದೇ ವಾಡಿಕೆ, ಅವನ್ನು ಕೂಡಿಸಬಾರದು. ದಿನಪತ್ರಿಕೆಯ ಕಾಲಂ ಇಕ್ಕಟ್ಟಾದದ್ದರಿಂದ ಅಲ್ಲಿ ಎರಡು ವಾಕ್ಯಕ್ಕೇ ಪ್ಯಾರಾ ಮುರಿಯುತ್ತಾರೆ, ಪುಸ್ತಕಕ್ಕೆ ಅದು ಮಾದರಿಯಲ್ಲ. ಇನ್ನು ಒಂದೇ ವಿಚಾರ ಅರ್ಧ ಪುಟ ಬೇಡಿದರೆ, ಉದ್ದವಾಯಿತೆಂದು ನಡುವೆ ಮುರಿಯುವುದೂ ತಪ್ಪೇ. ವಾರ್ತೆಯನ್ನೂ ದಂಡನೀತಿಯನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟವರು ಅಲ್ಲಿ ಮುರಿಯಲಿಲ್ಲ.