ಹಸುಗೂಸಿಗೆ ಸೆಫ್ಟ್ರಿಯಾಕ್ಸೋನ್ ಏಕೆ ಬೇಡ?

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸೆಫ್ಟ್ರಿಯಾಕ್ಸೋನ್ ದಿನನಿತ್ಯದ ಔಷಧ. ನ್ಯುಮೋನಿಯಾ, ಟೈಫಾಯ್ಡ್, ಮಿದುಳುಪೊರೆಯ ಸೋಂಕು, ಹೀಗೆ ಹಲವು ಕಾಯಿಲೆಗಳಿಗೆ ಅದು ಬೇಕು. ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಹೆಚ್ಚಿನ ಸೋಂಕುಗಳಿಗೆ ದಿನಕ್ಕೊಂದು ಇಂಜೆಕ್ಷನ್ ಸಾಕು. ಆದರೆ ಅದೇ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ವೈದ್ಯರು ಅದನ್ನು ಬದಿಗಿಟ್ಟು ಬೇರೆ ಔಷಧ ಕೇಳುತ್ತಾರೆ. ಎರಡು ತಿಂಗಳ ಮಗುವಿಗೆ ಸಲ್ಲುವ ಔಷಧ ಎರಡು ದಿನದ ಕೂಸಿಗೆ ಏಕೆ ಸಲ್ಲದು ಎಂಬ ಪ್ರಶ್ನೆಯ ಉತ್ತರ ಆ ಔಷಧ ಹುಟ್ಟುವುದಕ್ಕೂ ಮುಂಚಿನ ಕಾಲದಿಂದ ಶುರುವಾಗುತ್ತದೆ.

1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ಪೆನಿಸಿಲಿನ್ ಜೊತೆಗೆ ಸಲ್ಫಿಸಾಕ್ಸಜೋಲ್ ಎಂಬ ಸಲ್ಫಾ ಔಷಧ ಕೊಡುವುದು ರೂಢಿಯಾಗಿತ್ತು. ಆಗ ಆಕ್ಸಿಟೆಟ್ರಾಸೈಕ್ಲಿನ್ ಹೊಸದಾಗಿ ಬಂತು. ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಹಳೆಯದನ್ನೂ ಹೊಸದನ್ನೂ ಹೋಲಿಸಲು ಶಿಶುಗಳನ್ನು ಎರಡು ಗುಂಪು ಮಾಡಿದರು. 1956ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ನಿರೀಕ್ಷಿಸದ್ದು. ಸುರಕ್ಷಿತವೆಂದು ನಂಬಿದ್ದ ಹಳೆಯ ಔಷಧದ ಗುಂಪಿನಲ್ಲೇ ಹೆಚ್ಚು ಶಿಶುಗಳು ಸತ್ತಿದ್ದವು. ಶವಪರೀಕ್ಷೆಯಲ್ಲಿ ಅವುಗಳಲ್ಲಿ ಹಲವುಗಳ ಮಿದುಳಿನ ಒಳಭಾಗ ಹಳದಿಗಟ್ಟಿತ್ತು. ಕಾಮಾಲೆಯ ಬಣ್ಣವಾದ ಬಿಲಿರುಬಿನ್ ಮಿದುಳಿಗೆ ಇಳಿದು ನರಕೋಶಗಳನ್ನು ಕೊಲ್ಲುವ ಈ ಸ್ಥಿತಿಗೆ ಕರ್ನಿಕ್ಟೆರಸ್ ಎನ್ನುತ್ತಾರೆ.

ಇನ್ನೂ ವಿಚಿತ್ರವೆಂದರೆ, ಸಲ್ಫಾ ಪಡೆದ ಶಿಶುಗಳ ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿರಲಿಲ್ಲ. ಕಡಿಮೆಯೇ ಇತ್ತು. ರಕ್ತಪರೀಕ್ಷೆ ಸಮಾಧಾನ ಹೇಳುತ್ತಿರುವಾಗಲೇ ಮಿದುಳು ಹಾಳಾಗುತ್ತಿತ್ತು. 1959ರಲ್ಲಿ ಜೆರಾರ್ಡ್ ಓಡೆಲ್ ಇದರ ಗುಟ್ಟನ್ನು ಬಿಡಿಸಿದರು. ಬಿಲಿರುಬಿನ್ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುವಷ್ಟು ಹೊತ್ತು ಅದು ಮಿದುಳಿನೊಳಗೆ ನುಗ್ಗಲಾರದು. ಸಲ್ಫಾ ಬಂದು ಅದೇ ಆಲ್ಬುಮಿನ್ನಿಗೆ ಅಂಟಿಕೊಂಡಾಗ ಬಿಲಿರುಬಿನ್ ಜಾಗ ಕಳೆದುಕೊಂಡು ರಕ್ತನಾಳದಿಂದ ಹೊರಗೆ, ಅಂಗಾಂಶಗಳತ್ತ ಹೊರಡುತ್ತದೆ. ರಕ್ತದಲ್ಲಿ ಅದರ ಅಂಶ ಇಳಿದದ್ದು ಆ ಕಾರಣಕ್ಕೇ. ಸಲ್ಫಾ ಅಂಶವಿರುವ ಕೋಟ್ರೈಮಾಕ್ಸಜೋಲನ್ನು ಇಂದಿಗೂ ಮೊದಲ ವಾರಗಳಲ್ಲಿ, ಅದರಲ್ಲೂ ಕಾಮಾಲೆಯಿರುವ ಮತ್ತು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡದಿರುವುದು ಇದರಿಂದಲೇ.

ಅದೇ 1959ರಲ್ಲಿ ಲಾಸ್ ಏಂಜಲಿಸ್‌ನಿಂದ ಎರಡನೆಯ ಎಚ್ಚರಿಕೆ ಬಂತು. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನೀರುಚೀಲ ಒಡೆದು ಬಹಳ ಹೊತ್ತಿನ ಮೇಲೆ ಹೆರಿಗೆಯಾದರೆ ಮಗುವಿಗೆ ಸೋಂಕಿನ ಭಯ. ಅಂಥ ಹೆರಿಗೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಬರ್ನ್ಸ್, ಹಾಡ್ಜ್‌ಮನ್ ಮತ್ತು ಕ್ಯಾಸ್ ಎಂಬ ವೈದ್ಯರು ನಾಲ್ಕು ಗುಂಪು ಮಾಡಿದರು. ಔಷಧವನ್ನೇ ಕೊಡದ ಗುಂಪಿನಲ್ಲಿ ನೂರಕ್ಕೆ 19 ಶಿಶುಗಳು ಸತ್ತವು. ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಪಡೆದವುಗಳಲ್ಲಿ 18. ಕ್ಲೋರಾಂಫೆನಿಕಾಲ್ ಮಾತ್ರ ಪಡೆದವುಗಳಲ್ಲಿ 60, ಮೂರನ್ನೂ ಪಡೆದವುಗಳಲ್ಲಿ 68. ಕಾಪಾಡಲೆಂದು ಕೊಟ್ಟ ಔಷಧವೇ ಕೊಲ್ಲುತ್ತಿತ್ತು. ಔಷಧವಿಲ್ಲದ ಗುಂಪೊಂದು ಪಕ್ಕದಲ್ಲಿ ಇರದಿದ್ದರೆ ಈ ಸಾವುಗಳೆಲ್ಲ ಸೋಂಕಿನ ಲೆಕ್ಕಕ್ಕೇ ಸೇರುತ್ತಿದ್ದವು.

ಔಷಧ ಶುರುವಾದ ಮೂರು ನಾಲ್ಕು ದಿನಕ್ಕೆ ಆ ಕೂಸುಗಳು ಹಾಲು ಬಿಡುತ್ತಿದ್ದವು, ವಾಂತಿ ಮಾಡುತ್ತಿದ್ದವು. ಹೊಟ್ಟೆ ಉಬ್ಬುತ್ತಿತ್ತು, ಮೈ ತಣ್ಣಗಾಗಿ ಬೂದುಬಣ್ಣಕ್ಕೆ ತಿರುಗುತ್ತಿತ್ತು, ರಕ್ತದೊತ್ತಡ ಕುಸಿಯುತ್ತಿತ್ತು. ಇದಕ್ಕೆ ಗ್ರೇ ಬೇಬಿ ಸಿಂಡ್ರೋಮ್ ಎಂಬ ಹೆಸರೇ ನಿಂತಿತು. ಮರುವರ್ಷವೇ ಕಾರಣ ಸ್ಪಷ್ಟವಾಯಿತು. ದೊಡ್ಡವರ ಯಕೃತ್ತು ಕ್ಲೋರಾಂಫೆನಿಕಾಲಿಗೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ ನಿರಪಾಯಗೊಳಿಸುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ನವಜಾತ ಶಿಶುವಿನಲ್ಲಿ ಆ ಜೋಡಣೆಯ ಕಿಣ್ವ ಇನ್ನೂ ಬಲಿತಿರುವುದಿಲ್ಲ, ಮೂತ್ರಪಿಂಡವೂ ನಿಧಾನ. ನಿನ್ನೆಯ ಡೋಸ್ ಹೊರಹೋಗುವ ಮೊದಲೇ ಇವತ್ತಿನದು ಬಂದು ಸೇರಿ, ವಿಷದ ಮಟ್ಟಕ್ಕೆ ಏರುತ್ತದೆ. ಬಿಲಿರುಬಿನ್ನನ್ನು ಹೊರಹಾಕಲು ಬೇಕಾಗುವುದೂ ಇದೇ ಬಗೆಯ ಜೋಡಣೆ. ಹುಟ್ಟಿದ ಮೊದಲ ವಾರ ಇಷ್ಟೊಂದು ಮಕ್ಕಳು ಹಳದಿಯಾಗುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ತಿಳಿದ ಮೇಲೆ, 1984ರ ಕೊನೆಗೆ ಸೆಫ್ಟ್ರಿಯಾಕ್ಸೋನ್ ಅಮೆರಿಕದ ಮಾರುಕಟ್ಟೆಗೆ ಬಂತು. ಅದರ ಗುಣಗಳನ್ನು ನೋಡಿದವರಿಗೆ ಸಲ್ಫಾದ ನೆನಪಾಗದೆ ಇರಲಿಲ್ಲ. ರಕ್ತದಲ್ಲಿರುವ ಸೆಫ್ಟ್ರಿಯಾಕ್ಸೋನಿನಲ್ಲಿ ನೂರಕ್ಕೆ ಸುಮಾರು 85ರಿಂದ 95 ಭಾಗ ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ. ನವಜಾತ ಶಿಶುವಿನಲ್ಲಿ ಆಲ್ಬುಮಿನ್ ಕಡಿಮೆ, ಬಿಲಿರುಬಿನ್ ಹೆಚ್ಚು. 1980ರ ದಶಕದ ಪ್ರಯೋಗಾಲಯ ಪರೀಕ್ಷೆಗಳು ಅದು ಬಿಲಿರುಬಿನ್ನನ್ನು ಸ್ಥಾನಪಲ್ಲಟ ಮಾಡುತ್ತದೆಂದು ತೋರಿಸಿದವು. 1993ರಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯರು ಶಿಶುಗಳ ರಕ್ತದಲ್ಲೇ ಅಳೆದರು. ಇಂಜೆಕ್ಷನ್ ಆದ ಮೇಲೆ, ಬಿಲಿರುಬಿನ್ನನ್ನು ಹಿಡಿದಿಡಲು ಆಲ್ಬುಮಿನ್ನಿನಲ್ಲಿ ಉಳಿದಿದ್ದ ಜಾಗ ಗಣನೀಯವಾಗಿ ಕುಗ್ಗಿತ್ತು. ಇಲ್ಲಿ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಬೇಕು. ಸಲ್ಫಾ ಮತ್ತು ಕ್ಲೋರಾಂಫೆನಿಕಾಲಿನ ವಿರುದ್ಧ ಸಾಲು ಸಾಲು ಸಾವಿನ ಸಾಕ್ಷ್ಯವಿತ್ತು, ಸೆಫ್ಟ್ರಿಯಾಕ್ಸೋನಿನ ಕಾಮಾಲೆ ಅಪಾಯಕ್ಕೆ ಇರುವುದು ಅಳತೆಯ ಸಾಕ್ಷ್ಯ. ಹಿಂದಿನ ಅನುಭವವಿದ್ದುದರಿಂದ ಈ ಬಾರಿ ಯಾರೂ ಸಾವಿನ ಎಣಿಕೆಗಾಗಿ ಕಾಯಲಿಲ್ಲ. ಅದು ಸರಿಯಾದ ತೀರ್ಮಾನವೆಂದೇ ನನ್ನ ನಂಬಿಕೆ. ಬಿಲಿರುಬಿನ್ ತಿಂದ ಮಿದುಳಿನ ಭಾಗ ಮರಳುವುದಿಲ್ಲ. ಬದುಕುಳಿದ ಮಗುವಿಗೆ ಕಿವುಡುತನವೂ ಕೈಕಾಲುಗಳ ಅಂಕೆ ತಪ್ಪಿದ ಚಲನೆಯೂ ಜೀವನಪೂರ್ತಿ ಉಳಿಯಬಹುದು.

ಎರಡನೆಯ ಅಪಾಯ ಮಾತ್ರ ಅನಿರೀಕ್ಷಿತವಾಗಿ ಬಂತು. ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಕೂಡಿದರೆ ಕರಗದ ಲವಣವಾಗುತ್ತದೆ. 1980ರ ದಶಕದಲ್ಲೇ ಇದರ ಸುಳಿವು ಸಿಕ್ಕಿತ್ತು. ಔಷಧ ಪಡೆದ ಕೆಲವು ಮಕ್ಕಳ ಪಿತ್ತಕೋಶದಲ್ಲಿ ಕಲ್ಲಿನಂಥ ಗಸಿ ಸ್ಕ್ಯಾನಿನಲ್ಲಿ ಕಾಣುತ್ತಿತ್ತು, ಔಷಧ ನಿಲ್ಲಿಸಿದರೆ ಕರಗಿಹೋಗುತ್ತಿತ್ತು. ಅದನ್ನು ಯಾರೂ ದೊಡ್ಡ ಅಪಾಯವೆಂದು ಬಗೆದಿರಲಿಲ್ಲ. ಆದರೆ ಅದೇ ಹರಳು ರಕ್ತನಾಳದಲ್ಲಿ ಕಟ್ಟಿದರೆ? 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಎರಡನ್ನೂ ರಕ್ತನಾಳದ ಮೂಲಕ ಪಡೆದ ಶಿಶುಗಳು ಸತ್ತಿವೆಯೆಂದು ಎಚ್ಚರಿಸಿತು. ಶವಪರೀಕ್ಷೆಯಲ್ಲಿ ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿ ಹರಳುಗಳು ಸಿಕ್ಕಿದ್ದವು. 2009ರಲ್ಲಿ ಪ್ರಕಟವಾದ ಪರಿಶೀಲನೆ ಒಂಬತ್ತು ವರದಿಗಳನ್ನು ಜಾಲಾಡಿತು. ಏಳು ಶಿಶುಗಳು ಸತ್ತಿದ್ದವು. ಡೋಸ್ ಗೊತ್ತಿದ್ದ ಆರು ಶಿಶುಗಳಲ್ಲಿ ನಾಲ್ಕಕ್ಕೆ ದಿನಕ್ಕೆ ಕಿಲೋಗೆ 150ರಿಂದ 200 ಮಿಲಿಗ್ರಾಂ, ಅಂದರೆ ಅನುಮತಿಸಿದ ಪ್ರಮಾಣಕ್ಕಿಂತ ಹೆಚ್ಚು ಹೋಗಿತ್ತು. ಸಿರಿಂಜಿನಿಂದ ಒಮ್ಮೆಲೇ ತಳ್ಳಿದ್ದೂ ಅಪಾಯ ಹೆಚ್ಚಿಸಿರಬಹುದೆಂದು ಆ ಪರಿಶೀಲನೆ ಹೇಳಿತು.

ವಾರ್ಡಿನಲ್ಲಿ ಇದು ಹೇಗೆ ಎದುರಾಗುತ್ತದೆಂದು ಒಂದು ಉದಾಹರಣೆಯಿಂದ ನೋಡೋಣ. ಐದು ದಿನದ, ಮೂರು ಕಿಲೋ ತೂಕದ ಕೂಸು. ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಿದೆ, ಹೊಟ್ಟೆಯವರೆಗೆ ಹಳದಿಯಾಗಿದೆ. ನಂಜೆಂಬ ಅನುಮಾನ. ಗ್ಲೂಕೋಸ್ ಡ್ರಿಪ್ ಹಾಕಿದ್ದಾರೆ, ಕ್ಯಾಲ್ಸಿಯಂ ಕಡಿಮೆಯಿರುವುದರಿಂದ ಅದರಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಬೆರೆಸಿದ್ದಾರೆ. ಈಗ ಕಿಲೋಗೆ 50 ಮಿಲಿಗ್ರಾಂ ಲೆಕ್ಕದಲ್ಲಿ 150 ಮಿಲಿಗ್ರಾಂ ಸೆಫ್ಟ್ರಿಯಾಕ್ಸೋನನ್ನು ಅದೇ ಸೂಜಿಯಿಂದ ಕೊಟ್ಟರೆ ಎರಡೂ ಅಪಾಯಗಳು ಒಟ್ಟಿಗೆ ಬರುತ್ತವೆ. ಸೂಜಿ ಬದಲಿಸಿದರೆ ಸಾಕೇ? ಸಾಲದು. ವರದಿಯಾದ ಪ್ರಕರಣಗಳಲ್ಲಿ ಕೆಲವಕ್ಕೆ ಬೇರೆ ಬೇರೆ ನಾಳದಿಂದ, ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟಿದ್ದರು. ಕೂಸಿನ ದೇಹದಲ್ಲಿ ಈ ಔಷಧ ದೊಡ್ಡವರಲ್ಲಿ ಉಳಿಯುವುದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ, ಇರುವ ರಕ್ತವೂ ಸ್ವಲ್ಪವೇ. ಅದಕ್ಕೇ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಇಂದಿಗೂ ಮೊದಲ ಆಯ್ಕೆ. ಮೂರನೆಯ ತಲೆಮಾರಿನ ಸೆಫಲೋಸ್ಪೊರಿನ್ನೇ ಬೇಕಾದರೆ ಸೆಫೊಟಾಕ್ಸಿಮ್ ಇದೆ. ಅದು ಸೆಫ್ಟ್ರಿಯಾಕ್ಸೋನಿನ ಹತ್ತಿರದ ಬಂಧು, ಆದರೆ ಆಲ್ಬುಮಿನ್ನಿಗೆ ಅಷ್ಟಾಗಿ ಅಂಟುವುದಿಲ್ಲ, ಕ್ಯಾಲ್ಸಿಯಂ ಜೊತೆ ಹೀಗೆ ಗಟ್ಟಿಯಾಗುವುದೂ ಇಲ್ಲ. ದಿನಕ್ಕೆ ಎರಡು ಮೂರು ಬಾರಿ ಕೊಡಬೇಕಾದ ಶ್ರಮವಷ್ಟೇ ಹೆಚ್ಚು.

2007ರ ಮೊದಲ ಎಚ್ಚರಿಕೆ ಎಲ್ಲ ವಯಸ್ಸಿನವರಿಗೂ ಅನ್ವಯಿಸಿ, ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ನಡುವೆ 48 ಗಂಟೆ ಅಂತರ ಕೇಳಿತ್ತು. 2009ರಲ್ಲಿ ಅದನ್ನು ಸಡಿಲಿಸಿ, 28 ದಿನ ದಾಟಿದವರಲ್ಲಿ ನಾಳವನ್ನು ಚೆನ್ನಾಗಿ ತೊಳೆದು ಒಂದಾದ ಮೇಲೊಂದು ಕೊಡಬಹುದು ಎಂದರು. 28 ದಿನದೊಳಗಿನ ಶಿಶುವಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ನಡೆಯುತ್ತಿದ್ದರೆ ಅಥವಾ ಬೇಕಾಗಬಹುದೆಂದರೆ ಸೆಫ್ಟ್ರಿಯಾಕ್ಸೋನ್ ನಿಷಿದ್ಧ. ಹೆಚ್ಚಿನ ಕಾಮಾಲೆಯಿರುವ ನವಜಾತ ಶಿಶುವಿಗೂ ನಿಷಿದ್ಧ. ಅವಧಿಗೆ ಮುನ್ನ ಹುಟ್ಟಿದ್ದರೆ, ಗರ್ಭದ ವಾರಗಳೂ ಹುಟ್ಟಿದ ಮೇಲಿನ ವಾರಗಳೂ ಸೇರಿ 41 ಆಗುವವರೆಗೆ ಬೇಡ. ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲೂ ಕ್ಯಾಲ್ಸಿಯಂ ಇದೆ ಎಂಬುದು ಗಡಿಬಿಡಿಯಲ್ಲಿ ಮರೆತುಹೋಗುವ ಸಂಗತಿ.

ಹಾಗೆಂದು ಇದು ಮುಟ್ಟಲೇಬಾರದ ಔಷಧವಲ್ಲ. ತಾಯಿಯಿಂದ ಗೊನೊರಿಯಾ ತಗಲಿ ಮಗುವಿನ ಕಣ್ಣಿಗೆ ಕೀವು ಬಂದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಒಂದೇ ಡೋಸ್ ಸೆಫ್ಟ್ರಿಯಾಕ್ಸೋನ್ ಕೊಡುವುದು ಈಗಲೂ ಒಪ್ಪಿತ ಚಿಕಿತ್ಸೆ. ಆ ಸೋಂಕು ದೃಷ್ಟಿಯನ್ನೇ ಕಸಿಯಬಲ್ಲದು.

ಬಾಯಿಂದ ಕೊಡುವ ಎರಿಥ್ರೊಮೈಸಿನ್ ಕೂಡ ಹಸುಗೂಸಿಗೆ ಅಪಾಯ ತರುವ ಔಷಧಗಳ ಪಟ್ಟಿಗೆ ಸೇರಿದ್ದು 1999ರಲ್ಲಿ. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನ ಒಂದು ಆಸ್ಪತ್ರೆಯಲ್ಲಿ ಸಿಬ್ಬಂದಿಯೊಬ್ಬರಿಗೆ ನಾಯಿಕೆಮ್ಮು ಇತ್ತೆಂದು ಅಲ್ಲಿ ಹುಟ್ಟಿದ ಸುಮಾರು 200 ಶಿಶುಗಳಿಗೆ ಮುನ್ನೆಚ್ಚರಿಕೆಯಾಗಿ ಎರಿಥ್ರೊಮೈಸಿನ್ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಏಳು ಶಿಶುಗಳು, ಕುಡಿದ ಹಾಲನ್ನೆಲ್ಲ ಚಿಮ್ಮುವಂತೆ ವಾಂತಿ ಮಾಡುತ್ತ ಶಸ್ತ್ರಚಿಕಿತ್ಸಕರ ಬಳಿ ಬಂದವು. ಜಠರದ ಕೆಳಬಾಯಿಯ ಸ್ನಾಯು ದಪ್ಪಗಾಗಿ ದಾರಿ ಮುಚ್ಚಿತ್ತು. ಏಳೂ ಎರಿಥ್ರೊಮೈಸಿನ್ ಕುಡಿದಿದ್ದ ಕೂಸುಗಳೇ. ಜಠರದ ಸ್ನಾಯುವನ್ನು ಮತ್ತೆ ಮತ್ತೆ ಸಂಕುಚಿಸುವ ಗುಣ ಆ ಔಷಧಕ್ಕಿದೆ, ಅದೇ ಕಾರಣವಿರಬೇಕೆಂದು ಊಹೆ. ಈಗ ತಿಂಗಳೊಳಗಿನ ಕೂಸಿಗೆ ನಾಯಿಕೆಮ್ಮಿನ ಚಿಕಿತ್ಸೆ ಬೇಕಾದರೆ ಅಜಿಥ್ರೊಮೈಸಿನ್ ಆರಿಸುತ್ತಾರೆ. ಅದೂ ಪೂರ್ಣ ನಿರಪಾಯವಲ್ಲ, ಮೊದಲ ಎರಡು ವಾರಗಳಲ್ಲಿ ಕೊಟ್ಟರೆ ಇದೇ ತೊಂದರೆ ಹೆಚ್ಚುತ್ತದೆಂದು ಆಮೇಲಿನ ಅಧ್ಯಯನ ತೋರಿಸಿದೆ. ಸಲ್ಫಾಕ್ಕೆ ಬದಲಾಗಿ ಸಿಲ್ವರ್‌ಮನ್ ಹೋಲಿಸಿದ್ದ ಟೆಟ್ರಾಸೈಕ್ಲಿನ್ ಕೂಡ ಬೆಳೆಯುವ ಹಲ್ಲು ಮತ್ತು ಮೂಳೆಯಲ್ಲಿ ಕೂರುತ್ತದೆಂದು ಗೊತ್ತಾಗಿ ಶಿಶುಗಳಿಂದ ದೂರವಾಯಿತು.

ಹಸುಗೂಸು ಮನೆಯಲ್ಲಿರುವವರು ಒಂದು ಕೆಲಸ ಮಾಡಬೇಕು. ಯಾವ ವೈದ್ಯರ ಬಳಿ ಹೋದರೂ ಮಗು ಹುಟ್ಟಿ ಎಷ್ಟು ದಿನವಾಯಿತು, ಎಷ್ಟು ವಾರಕ್ಕೆ ಹುಟ್ಟಿತು, ಕಾಮಾಲೆ ಇತ್ತೇ, ಡ್ರಿಪ್ ಹಾಕಿದ್ದರೇ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಅಣ್ಣನಿಗೋ ಅಕ್ಕನಿಗೋ ತಂದು ಮಿಕ್ಕಿದ ಔಷಧವನ್ನು ತಿಂಗಳು ತುಂಬದ ಕೂಸಿಗೆ ಒಂದು ಹನಿಯೂ ಹಾಕಬೇಡಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.